ಕ್ಲೋರೈಡುಗಳ ಕರಗುವ ಬಿಂದು: ಜಾಲಕ ಶಕ್ತಿಯೇ, ಧ್ರುವೀಕರಣವೇ, ಕರಗಿದ ದ್ರವದ ರಚನೆಯೇ?

ಸೋಡಿಯಂ ಕ್ಲೋರೈಡ್ 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಮೆಗ್ನೀಸಿಯಂ ಕ್ಲೋರೈಡ್ 714 ಡಿಗ್ರಿಯಲ್ಲಿ. ಆವರ್ತ ಕೋಷ್ಟಕದಲ್ಲಿ ಅದರ ಪಕ್ಕದಲ್ಲೇ ಇರುವ ಅಲ್ಯೂಮಿನಿಯಂನ ಕ್ಲೋರೈಡ್ ಮಾತ್ರ ಇನ್ನೂರು ಡಿಗ್ರಿಯನ್ನೂ ಮುಟ್ಟುವುದಿಲ್ಲ. ಇದಕ್ಕೆ ಕಾರಣ ಕೊಡಿ ಎಂದಾಗ ಪಿಯುಸಿ ಮತ್ತು ಬಿಎಸ್ಸಿ ವಿದ್ಯಾರ್ಥಿಗಳ ಮುಂದೆ ಮೂರು ದಾರಿಗಳು ತೆರೆದುಕೊಳ್ಳುತ್ತವೆ. ಜಾಲಕ ಶಕ್ತಿಯನ್ನು ಮುಂದಿಟ್ಟು ಬರೆಯಬಹುದು. ಫಜಾನ್ಸ್ ನಿಯಮವನ್ನು ಹಿಡಿದು ಧನ ಅಯಾನಿನ ಧ್ರುವೀಕರಣ ಸಾಮರ್ಥ್ಯದಿಂದ ಬರೆಯಬಹುದು. ಅಥವಾ ಕರಗಿದ ಮೇಲೆ ಆ ದ್ರವದಲ್ಲಿ ಇರುವುದು ಅಯಾನುಗಳೋ ಅಣುಗಳೋ ಎಂಬುದರಿಂದ ಆರಂಭಿಸಬಹುದು. ಮೂರರಲ್ಲಿ ಯಾವುದೂ ಸುಳ್ಳಲ್ಲ, ಆದರೆ ಎಲ್ಲ ಜೋಡಿಗಳಿಗೂ ಒಪ್ಪುವ ದಾರಿ ಯಾವುದೂ ಇಲ್ಲ. ಕೈಗೆ ಸಿಕ್ಕ ವಿವರಣೆಯನ್ನು ಎಲ್ಲ ಕ್ಲೋರೈಡುಗಳಿಗೂ ತೊಡಿಸುವುದರಿಂದಲೇ ಉತ್ತರಗಳು ಕೆಡುತ್ತವೆ. ಆದ್ದರಿಂದ ಯಾವ ಜೋಡಿಗೆ ಯಾವ ವಿವರಣೆ ಎಂಬುದನ್ನು ಇಲ್ಲಿ ತೂಗಿ ನೋಡೋಣ.

ತೂಗುವ ಮೊದಲು ಅಳತೆಗೋಲುಗಳನ್ನು ನಿಗದಿ ಮಾಡಿಕೊಳ್ಳಬೇಕು. ಎದುರಿಗಿರುವ ಎರಡು ಕ್ಲೋರೈಡುಗಳ ಬಗ್ಗೆ ಮೊದಲು ಕೇಳಬೇಕಾದದ್ದು, ಅವುಗಳ ಧನ ಅಯಾನುಗಳ ಆವೇಶ ಒಂದೇ ಇದೆಯೇ ಮತ್ತು ತ್ರಿಜ್ಯಗಳು ಎಷ್ಟು ದೂರ ಇವೆ ಎಂಬುದು. ಎರಡನೆಯದು, ಆ ಅಯಾನಿನ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳಿವೆಯೇ ಅಥವಾ ಬೆಳ್ಳಿ, ಪಾದರಸಗಳಲ್ಲಿರುವಂತೆ ಹದಿನೆಂಟು ಇವೆಯೇ ಎಂಬುದು. ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಕರಗಿದ ದ್ರವ ವಿದ್ಯುತ್ತನ್ನು ಒಯ್ಯುತ್ತದೆಯೇ? ಒಯ್ದರೆ ಅದರಲ್ಲಿ ಅಯಾನುಗಳಿವೆ, ಒಯ್ಯದಿದ್ದರೆ ಅದು ಅಣುಗಳ ದ್ರವ. ನನ್ನ ಮಟ್ಟಿಗೆ ಈ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಹೆಚ್ಚು ತಿಳಿಸಿಕೊಡುತ್ತದೆ. ಇವುಗಳ ಜೊತೆಗೆ, ನಿಮಗೆ ಬೇಕಾಗಿರುವುದು ಎರಡು ಸಾಲಿನ ಉತ್ತರವೋ ಅಥವಾ ನಿಜವಾದ ಕಾರಣವೋ ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಎರಡಕ್ಕೂ ಬೇಕಾಗುವ ಶ್ರಮ ಒಂದೇ ಅಲ್ಲ.

ಜಾಲಕ ಶಕ್ತಿಯ ವಿವರಣೆ ಮೂರರಲ್ಲಿ ಅತ್ಯಂತ ಅಗ್ಗದ್ದು. ಅಯಾನುಗಳನ್ನು ಗಟ್ಟಿಯಾದ ಗೋಲಿಗಳೆಂದು ಭಾವಿಸಿದರೆ ಸಾಕು: ಆವೇಶ ಹೆಚ್ಚಿದಷ್ಟೂ, ನಡುವಿನ ದೂರ ಕಡಿಮೆಯಾದಷ್ಟೂ ಸೆಳೆತ ಹೆಚ್ಚು, ಅದನ್ನು ಬಿಡಿಸಲು ಬೇಕಾಗುವ ಶಾಖವೂ ಹೆಚ್ಚು. ಸೋಡಿಯಂನಿಂದ ಸೀಸಿಯಂವರೆಗೆ ಈ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಧನ ಅಯಾನಿನ ತ್ರಿಜ್ಯ 102 ಪಿಕೋಮೀಟರ್‌ನಿಂದ 167ಕ್ಕೆ ಏರುತ್ತಾ ಹೋದಂತೆ NaCl, KCl, RbCl, CsCl ಕ್ರಮವಾಗಿ ಸುಮಾರು 801, 770, 718, 645 ಡಿಗ್ರಿಗಳಲ್ಲಿ ಕರಗುತ್ತವೆ. ಇಲ್ಲಿ ಧ್ರುವೀಕರಣವನ್ನು ಎಳೆದು ತರಬೇಕಾದ ಅಗತ್ಯವೇ ಇಲ್ಲ.

ಆದರೆ ಪಕ್ಕದ ಗುಂಪಿಗೆ ಕಾಲಿಟ್ಟ ಕೂಡಲೇ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಮೆಗ್ನೀಸಿಯಂನಿಂದ ಬೇರಿಯಂವರೆಗೆ ಇಳಿದಂತೆ ಡೈಕ್ಲೋರೈಡುಗಳ ಜಾಲಕ ಶಕ್ತಿ ಮೋಲ್‌ಗೆ ಸುಮಾರು 2500 ಕಿಲೋಜೌಲ್‌ನಿಂದ 2050ರ ಸುಮಾರಿಗೆ ಇಳಿಯುತ್ತದೆ, ಕರಗುವ ಬಿಂದು ಮಾತ್ರ ಏರುತ್ತದೆ: MgCl2 714, CaCl2 772, SrCl2 874, BaCl2 962. ಇವುಗಳ ಮೇಲೆ ಕೂತಿರುವ BeCl2 ಇನ್ನೂ ಕೆಳಗೆ, ಸುಮಾರು 400 ಡಿಗ್ರಿಯ ಆಸುಪಾಸಿನಲ್ಲೇ ಕರಗಿಬಿಡುತ್ತದೆ. ಜಾಲಕ ಶಕ್ತಿಯೊಂದನ್ನೇ ನಂಬಿದವನು ಈ ಸಾಲನ್ನು ಹಿಂದುಮುಂದಾಗಿ ಬರೆಯುತ್ತಾನೆ. ಸೋಡಿಯಂ ಮತ್ತು ಮೆಗ್ನೀಸಿಯಂ ನಡುವೆಯೂ ಅದೇ ಕಥೆ: MgCl2 ಜಾಲಕ ಶಕ್ತಿ NaClನ 787 ಕಿಲೋಜೌಲ್‌ಗಿಂತ ಮೂರು ಪಟ್ಟಿಗೂ ಹೆಚ್ಚು, ಆದರೂ ಮೊದಲು ಕರಗುವುದು ಅದೇ. ಹೀಗಾಗಿ, ಆವೇಶ ಒಂದೇ ಆಗಿದ್ದು, ಅಯಾನುಗಳು ದೊಡ್ಡವಾಗಿದ್ದು, ಸ್ಫಟಿಕದ ರಚನೆಯೂ ಹತ್ತಿರದ್ದೇ ಆಗಿರುವಾಗ ಮಾತ್ರ ಈ ಅಗ್ಗದ ವಿವರಣೆಯನ್ನು ಆರಿಸಿಕೊಳ್ಳಿ.

ಪೋಲೆಂಡ್ ಮೂಲದ ಕಾಜಿಮಿಯೆಶ್ ಫಜಾನ್ಸ್ 1923ರಲ್ಲಿ ಮುಂದಿಟ್ಟ ವಿಚಾರ ಬೇಕಾಗುವುದು ಇಲ್ಲಿ. ಅಯಾನುಗಳು ಗೋಲಿಗಳಲ್ಲ. ಕ್ಲೋರೈಡ್ ಅಯಾನು 181 ಪಿಕೋಮೀಟರ್ ತ್ರಿಜ್ಯದ ದೊಡ್ಡ, ಮೆದುವಾದ ಎಲೆಕ್ಟ್ರಾನ್ ಮೋಡ. ಅದರ ಪಕ್ಕಕ್ಕೆ ಚಿಕ್ಕದಾದ, ಹೆಚ್ಚು ಆವೇಶದ ಧನ ಅಯಾನು ಬಂದು ನಿಂತರೆ ಮೋಡ ಅದರ ಕಡೆಗೆ ಉಬ್ಬಿ ನಿಲ್ಲುತ್ತದೆ. ಎರಡು ಅಯಾನುಗಳ ನಡುವಿನ ಜಾಗದಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಸೇರಿಕೊಂಡಷ್ಟೂ ಆ ಬಂಧಕ್ಕೆ ಸಹವೇಲೆನ್ಸೀಯ ಗುಣ ಬಂದಂತೆ. ಹೀಗೆ ಎಳೆಯುವ ಧನ ಅಯಾನಿನ ಶಕ್ತಿಯೇ ಧ್ರುವೀಕರಣ ಸಾಮರ್ಥ್ಯ, ಅದನ್ನು ಸರಸರನೆ ಅಂದಾಜಿಸಲು ಆವೇಶವನ್ನು ತ್ರಿಜ್ಯದಿಂದ ಭಾಗಿಸಿದರೆ ಸಾಕು.

ನಾವು ಆರಂಭಿಸಿದ ಮೂರು ಕ್ಲೋರೈಡುಗಳಿಗೆ ಲೆಕ್ಕ ಹಾಕಿ ನೋಡೋಣ. ತ್ರಿಜ್ಯವನ್ನು ನೂರು ಪಿಕೋಮೀಟರ್‌ನ ಮಾನದಲ್ಲಿ ತೆಗೆದುಕೊಂಡರೆ ಸೋಡಿಯಂಗೆ 1/1.02, ಅಂದರೆ ಸುಮಾರು 0.98, ಮೆಗ್ನೀಸಿಯಂಗೆ 2/0.72, ಅಂದರೆ 2.8; ಅಲ್ಯೂಮಿನಿಯಂಗೆ 3/0.535, ಅಂದರೆ 5.6. ಸಾಮರ್ಥ್ಯ ಏರಿದಂತೆ ಕರಗುವ ಬಿಂದು ಇಳಿಯುತ್ತದೆ. ಎರಡನೆಯ ಗುಂಪಿನ ತಲೆಕೆಳಗಾದ ಸಾಲೂ ಇದರಿಂದ ನೇರವಾಗುತ್ತದೆ, ಏಕೆಂದರೆ ಬೇರಿಯಂಗೆ ಈ ಭಾಗಲಬ್ಧ 1.5 ಮಾತ್ರ, ಬೆರಿಲಿಯಂಗೆ ನಾಲ್ಕಕ್ಕೂ ಮೇಲೆ. ಒಂದೇ ಲೋಹ ಎರಡು ಆವೇಶಗಳಲ್ಲಿ ಬಂದಾಗ ಈ ವಿವರಣೆ ಇನ್ನೂ ನಿಚ್ಚಳವಾಗಿ ಕಾಣುತ್ತದೆ: SnCl2 247 ಡಿಗ್ರಿಯಲ್ಲಿ ಕರಗುವ ಘನ, SnCl4 ಸೊನ್ನೆಗಿಂತ 33 ಡಿಗ್ರಿ ಕೆಳಗೆ ಮಾತ್ರ ಹೆಪ್ಪುಗಟ್ಟುವ, ಕೋಣೆಯ ಉಷ್ಣತೆಯಲ್ಲಿ ದ್ರವವಾಗಿಯೇ ಇರುವ ವಸ್ತು.

ಆದರೆ ಆವೇಶ ಮತ್ತು ತ್ರಿಜ್ಯಗಳ ಭಾಗಲಬ್ಧವನ್ನೇ ಪೂರ್ತಿ ನಂಬಿ ಕೂತವರನ್ನು ಒಂದು ಜೋಡಿ ಬೀಳಿಸುತ್ತದೆ. ಕ್ಯಾಲ್ಸಿಯಂ ಅಯಾನಿನ ತ್ರಿಜ್ಯ 100 ಪಿಕೋಮೀಟರ್, ಪಾದರಸದ ಎರಡು ಆವೇಶದ ಅಯಾನಿನದು 102. ಆವೇಶ ಒಂದೇ, ತ್ರಿಜ್ಯ ಬಹುತೇಕ ಒಂದೇ, ಭಾಗಲಬ್ಧವೂ ಒಂದೇ. ಹಾಗಿದ್ದೂ CaCl2 772 ಡಿಗ್ರಿಯಲ್ಲಿ ಕರಗಿದರೆ HgCl2 277 ಡಿಗ್ರಿಯಲ್ಲೇ ಕರಗುತ್ತದೆ, ಕಾಯಿಸಿದರೆ ಸಲೀಸಾಗಿ ಆವಿಯಾಗಿ ಮೇಲೇರಿ ತಂಪಾದ ಕಡೆ ಮತ್ತೆ ಹರಳುಗಟ್ಟುತ್ತದೆ. ನಮ್ಮ ರಸಶಾಸ್ತ್ರದವರು ಪಾದರಸದ ಕ್ಲೋರೈಡಿಗೆ ರಸಕರ್ಪೂರ ಎಂದು ಹೆಸರಿಟ್ಟದ್ದು ಎಷ್ಟು ಒಪ್ಪುತ್ತದೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ; ಕರ್ಪೂರದಂತೆ ಆವಿಯಾಗಿ ಏರುವ ಗುಣ ಅಡುಗೆ ಉಪ್ಪಿನ ಬಳಗದ ವಸ್ತುವಿನಿಂದ ನಿರೀಕ್ಷಿಸುವಂಥದ್ದಲ್ಲ. ವ್ಯತ್ಯಾಸಕ್ಕೆ ಕಾರಣ ನಮ್ಮ ಎರಡನೆಯ ಅಳತೆಗೋಲಿನಲ್ಲಿದೆ. ಕ್ಯಾಲ್ಸಿಯಂ ಅಯಾನಿನ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳು, ಪಾದರಸದ ಅಯಾನಿನದರಲ್ಲಿ ಹದಿನೆಂಟು. ಡಿ ಎಲೆಕ್ಟ್ರಾನುಗಳು ಬೀಜಕೇಂದ್ರದ ಆವೇಶವನ್ನು ಸರಿಯಾಗಿ ಮರೆಮಾಡುವುದಿಲ್ಲ; ಹೊರಗೆ ನಿಂತ ಕ್ಲೋರೈಡಿಗೆ ತಾಗುವ ಸೆಳೆತ ಕಾಗದದ ಮೇಲಿನ +2ಕ್ಕಿಂತ ಹೆಚ್ಚಾಗಿರುತ್ತದೆ. ಘನದಲ್ಲೇ HgCl2 ಅಯಾನುಗಳ ಜಾಲವಾಗಿ ಉಳಿದಿಲ್ಲ, ಸರಳರೇಖೆಯ Cl–Hg–Cl ಅಣುಗಳು ಒಂದರ ಪಕ್ಕ ಒಂದು ಜೋಡಿಸಿಕೊಂಡಿವೆ. ಆದ್ದರಿಂದ ಫಜಾನ್ಸ್ ನಿಯಮವನ್ನು ಆರಿಸಿಕೊಳ್ಳುವವರು ಹೊರಕವಚದ ಪ್ರಶ್ನೆಯನ್ನು ಬಿಟ್ಟು ಆರಿಸಿಕೊಳ್ಳಬಾರದು.

ಈ ವಿವರಣೆಯಲ್ಲಿ ಇನ್ನೂ ಒಂದು ತಪ್ಪು ಹೆಜ್ಜೆ ಇದೆ, ಮೌಲ್ಯಮಾಪನಕ್ಕೆ ಕೂತಾಗ ನಾನು ಅತಿ ಹೆಚ್ಚು ಕಂಡಿರುವುದು ಅದನ್ನೇ. 'ಸಹವೇಲೆನ್ಸೀಯ ಗುಣ ಬಂದದ್ದರಿಂದ ಬಂಧ ದುರ್ಬಲವಾಯಿತು, ಆದ್ದರಿಂದ ಬೇಗ ಕರಗಿತು' ಎಂದು ಬರೆಯುತ್ತಾರೆ. ಬೆಳ್ಳಿಯ ಕ್ಲೋರೈಡನ್ನು ನೋಡಿ. ಬೆಳ್ಳಿ ಅಯಾನಿನ ತ್ರಿಜ್ಯ 115 ಪಿಕೋಮೀಟರ್, ಅಂದರೆ ಸೋಡಿಯಂ ಮತ್ತು ಪೊಟ್ಯಾಸಿಯಂಗಳ ನಡುವಿನದು. ಸ್ಫಟಿಕ ರಚನೆಯೂ ಅಡುಗೆ ಉಪ್ಪಿನದೇ. ಗೋಲಿಗಳ ಲೆಕ್ಕದಲ್ಲಿ ಅದು 770 ಮತ್ತು 801ರ ನಡುವೆ ಕರಗಬೇಕಿತ್ತು, ಕರಗುವುದು 455 ಡಿಗ್ರಿಯಲ್ಲಿ. ಹಾಗಾದರೆ ಅದರ ಜಾಲಕ ಶಕ್ತಿ ಕಡಿಮೆಯೇ? ಇಲ್ಲ. ಪ್ರಯೋಗದ ಅಂಕಿಗಳಿಂದ ಬಾರ್ನ್–ಹೇಬರ್ ಚಕ್ರದ ಮೂಲಕ ತೆಗೆದ ಜಾಲಕ ಶಕ್ತಿ NaClಗೆ ಸುಮಾರು 787 ಕಿಲೋಜೌಲ್ ಇದ್ದರೆ AgClಗೆ 900ಕ್ಕೂ ಮೇಲಿದೆ. ಶುದ್ಧ ಅಯಾನಿಕ ಮಾದರಿಯಲ್ಲಿ ಲೆಕ್ಕ ಹಾಕಿದ ಬೆಲೆ ಸೋಡಿಯಂಗೆ ಪ್ರಯೋಗದ ಬೆಲೆಯ ಬಹಳ ಹತ್ತಿರ ಬರುತ್ತದೆ, ಬೆಳ್ಳಿಗೆ ಹತ್ತಾರು ಕಿಲೋಜೌಲ್ ಕಡಿಮೆ ಬೀಳುತ್ತದೆ. ಕಡಿಮೆ ಬಿದ್ದ ಆ ಭಾಗವೇ ಸಹವೇಲೆನ್ಸೀಯ ಗುಣದ ಕೊಡುಗೆ. ಧ್ರುವೀಕರಣ ಬಂಧವನ್ನು ಗಟ್ಟಿ ಮಾಡಿದೆ, ಆದರೂ ವಸ್ತು ಬೇಗ ಕರಗಿದೆ.

ಇದು ವಿರೋಧಾಭಾಸವೆಂದು ಕಂಡರೆ, ಕರಗುವುದು ಎಂದರೇನು ಎಂಬುದನ್ನೇ ಮತ್ತೆ ನೆನೆಯಬೇಕು. ಜಾಲಕ ಶಕ್ತಿಯು ಘನವನ್ನು ದೂರ ದೂರದ ಬಿಡಿ ಅಯಾನುಗಳ ಅನಿಲವಾಗಿಸಲು ಬೇಕಾಗುವ ಶಕ್ತಿ. ಕರಗುವಾಗ ಅಷ್ಟು ದೂರ ಯಾರೂ ಹೋಗುವುದಿಲ್ಲ. ಘನ ಪಕ್ಕದ ದ್ರವವಾಗುತ್ತದೆ, ಅಷ್ಟೇ. ಆದ್ದರಿಂದ ಲೆಕ್ಕಕ್ಕೆ ಬರುವುದು ಘನಕ್ಕೂ ದ್ರವಕ್ಕೂ ಇರುವ ಅಂತರ. ಅಪ್ಪಟ ಅಯಾನಿಕ ಘನ ಕರಗಿದಾಗ ಸಜಾತೀಯ ಆವೇಶಗಳು ಹತ್ತಿರವಾಗುವ ಅಡ್ಡಾದಿಡ್ಡಿ ಜೋಡಣೆಯನ್ನು ಸಹಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಎಲೆಕ್ಟ್ರಾನ್ ಮೋಡಗಳು ಹಂಚಿಹೋಗಿ ಅಯಾನುಗಳ ನಿಜವಾದ ಆವೇಶ ತಗ್ಗಿರುವ ಘನಕ್ಕೆ ಆ ಬೆಲೆ ಕಡಿಮೆ, ಏಕೆಂದರೆ ಗಟ್ಟಿಯಾದ ಬಂಧಗಳನ್ನು ದ್ರವದೊಳಕ್ಕೂ ಹೊತ್ತುಕೊಂಡು ಹೋಗಬಹುದು. ಮೂರನೆಯ ವಿವರಣೆ ಹುಟ್ಟುವುದು ಈ ಮಾತಿನಿಂದಲೇ.

ಅದನ್ನು ತೂಗಲು ಮತ್ತೆ ಅಲ್ಯೂಮಿನಿಯಂ ಕ್ಲೋರೈಡಿಗೆ ಹಿಂದಿರುಗೋಣ. ಧ್ರುವೀಕರಣ ಸಾಮರ್ಥ್ಯ ಸೋಡಿಯಂನಿಂದ ಮೆಗ್ನೀಸಿಯಂಗೆ ಸುಮಾರು ಮೂರು ಪಟ್ಟಾದಾಗ ಕರಗುವ ಬಿಂದು 87 ಡಿಗ್ರಿ ಮಾತ್ರ ಇಳಿಯಿತು. ಮೆಗ್ನೀಸಿಯಂನಿಂದ ಅಲ್ಯೂಮಿನಿಯಂಗೆ ಎರಡು ಪಟ್ಟಾದಾಗ ಐನೂರು ಡಿಗ್ರಿಗೂ ಹೆಚ್ಚು ಕುಸಿಯಿತು. ಇಷ್ಟು ಕಡಿದಾದ ಇಳಿಜಾರನ್ನು ಭಾಗಲಬ್ಧದ ಲೆಕ್ಕ ವಿವರಿಸುವುದಿಲ್ಲ. ಜಲರಹಿತ AlCl3 ಘನದಲ್ಲಿ ಪ್ರತಿ ಅಲ್ಯೂಮಿನಿಯಂ ಸುತ್ತ ಆರು ಕ್ಲೋರಿನ್‌ಗಳಿರುವ ಪದರಗಳಿವೆ. ಅದು ಅಣುಗಳ ಘನವಲ್ಲ. ಕರಗಿದ ಕೂಡಲೇ ಪ್ರತಿ ಅಲ್ಯೂಮಿನಿಯಂ ಎರಡು ಕ್ಲೋರಿನ್‌ಗಳ ಸಂಗ ಬಿಟ್ಟು, ನಾಲ್ಕನ್ನು ಗಟ್ಟಿಯಾಗಿ ಹಿಡಿದು, ಜೋಡಿಯಾಗಿ Al2Cl6 ಅಣುಗಳಾಗುತ್ತದೆ. ಈ ಅಣುಗಳ ನಡುವೆ ಇರುವುದು ದುರ್ಬಲವಾದ ಸೆಳೆತ ಮಾತ್ರ. ಅಯಾನುಗಳ ಘನವೊಂದು ನೇರವಾಗಿ ಅಣುಗಳ ದ್ರವವಾಗಿಬಿಡುವ ಈ ಬಾಗಿಲು ಮೆಗ್ನೀಸಿಯಂ ಕ್ಲೋರೈಡಿಗೆ ತೆರೆದಿಲ್ಲ.

ಹೀಗೆ ಆಗಿದೆ ಎಂದು ತಿಳಿಯುವುದು ಹೇಗೆ? ಎರಡು ಸಾಕ್ಷಿಗಳಿವೆ. ಕರಗಿದ MgCl2 ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ, ಕೆಲವು ಕಾರ್ಖಾನೆಗಳಲ್ಲಿ ಅದನ್ನು ವಿದ್ಯುದ್ವಿಭಜನೆ ಮಾಡಿ ಮೆಗ್ನೀಸಿಯಂ ಪಡೆಯುತ್ತಾರೆ. AlCl3 ಘನದ ಅಲ್ಪಸ್ವಲ್ಪ ವಾಹಕತೆಯೋ ಕರಗಿದೊಡನೆ ಬಹುತೇಕ ಸೊನ್ನೆಗೆ ಬೀಳುತ್ತದೆ. ಎರಡನೆಯದು ಗಾತ್ರ. ಉಪ್ಪು ಕರಗಿದಾಗ ಅದರ ಗಾತ್ರ ಹೆಚ್ಚುಕಡಿಮೆ ಕಾಲು ಭಾಗ ಹಿಗ್ಗುತ್ತದೆ, AlCl3 ಒಂದೂವರೆ ಪಟ್ಟಿಗೂ ಮೀರಿ ಹಿಗ್ಗುತ್ತದೆ, ಏಕೆಂದರೆ ಒತ್ತೊತ್ತಾಗಿದ್ದ ಪದರಗಳು ಸಡಿಲವಾದ ಅಣುಗಳಾಗಿವೆ. ಪ್ರಯೋಗಾಲಯದಲ್ಲಿ ಕಣ್ಣಿಗೆ ಕಾಣುವುದು ಇದಕ್ಕಿಂತ ಸರಳ. ಹೊಗೆಯ ಕಪಾಟಿನೊಳಗೆ, ಒಣಗಿದ ಪ್ರನಾಳದಲ್ಲಿ ಚಿಟಿಕೆಯಷ್ಟು ಜಲರಹಿತ AlCl3 ಹಾಕಿ ಮೆಲ್ಲಗೆ ಕಾಯಿಸಿದರೆ ತಳದಲ್ಲಿ ದ್ರವ ಕಾಣಿಸುವುದೇ ಇಲ್ಲ. ಪುಡಿ ಕರಗುವ ಬದಲು ಮಾಯವಾಗುತ್ತಾ ಹೋಗಿ, ಪ್ರನಾಳದ ತಂಪಾದ ಕುತ್ತಿಗೆಯಲ್ಲಿ ಬಿಳಿ ಉಂಗುರ ಕಟ್ಟುತ್ತದೆ. ಸಾಮಾನ್ಯ ಒತ್ತಡದಲ್ಲಿ ಅದು 180 ಡಿಗ್ರಿಯ ಸುಮಾರಿಗೆ ಉತ್ಪತನಗೊಳ್ಳುತ್ತದೆ. ಕೋಷ್ಟಕಗಳಲ್ಲಿ ಕಾಣುವ 193 ಡಿಗ್ರಿಯ ಅಂಕಿ ಮುಚ್ಚಿದ ನಳಿಕೆಯಲ್ಲಿ, ವಾತಾವರಣದ ಎರಡು ಪಟ್ಟಿಗೂ ಹೆಚ್ಚಿನ ಒತ್ತಡದಲ್ಲಿ ಅಳೆದದ್ದು. ಎರಡೂ ಅಂಕಿಗಳು ಸರಿ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವಂತಿಲ್ಲ.

ಮೂರನೆಯ ವಿವರಣೆಯ ಬೆಲೆ ನನಗೆ ಪೂರ್ತಿ ಮನವರಿಕೆಯಾದದ್ದು ಯಿಟ್ರಿಯಂ ಕ್ಲೋರೈಡಿನ ಅಂಕಿಯನ್ನು ಪಕ್ಕಕ್ಕಿಟ್ಟು ನೋಡಿದಾಗ. YCl3 ಘನದ ರಚನೆ AlCl3 ಘನದ್ದೇ: ಅದೇ ಪದರಗಳು, ಅದೇ ಆರು ಕ್ಲೋರಿನ್‌ಗಳು, ಆವೇಶವೂ ಮೂರೇ. ಕರಗುವುದು ಮಾತ್ರ 721 ಡಿಗ್ರಿಯಲ್ಲಿ, ಕರಗಿದ ಮೇಲೆ ವಿದ್ಯುತ್ತನ್ನೂ ಒಯ್ಯುತ್ತದೆ. ಯಿಟ್ರಿಯಂ ಅಯಾನಿನ ತ್ರಿಜ್ಯ 90 ಪಿಕೋಮೀಟರ್. ನಾಲ್ಕೇ ಕ್ಲೋರಿನ್‌ಗಳಿಂದ ಅದರ ಸುತ್ತಲಿನ ಜಾಗ ತುಂಬುವುದಿಲ್ಲ, ಹಾಗಾಗಿ ಅಲ್ಯೂಮಿನಿಯಂನಂತೆ ಚಿಕ್ಕ ಅಣುವಾಗಿ ಮುದುಡಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಘನಗಳು ಒಂದೇ ಆಗಿದ್ದೂ ಐನೂರು ಡಿಗ್ರಿಗಳ ಅಂತರ ಬಂದದ್ದು ದ್ರವಗಳು ಬೇರೆಯಾದದ್ದರಿಂದ. 'ಪದರ ರಚನೆ ಇರುವುದರಿಂದ ಬೇಗ ಕರಗುತ್ತದೆ' ಎಂಬ ವಾಕ್ಯವನ್ನು ಈ ಒಂದು ಜೋಡಿ ಮುರಿದುಹಾಕುತ್ತದೆ. ಧ್ರುವೀಕರಣವೂ ಇಲ್ಲಿ ಸುಳ್ಳಾಗಿಲ್ಲ: ಯಿಟ್ರಿಯಂನ ಭಾಗಲಬ್ಧ 3.3, ಅಲ್ಯೂಮಿನಿಯಂನದು 5.6. ಧ್ರುವೀಕರಣ ಅಣುವಾಗುವ ಒಲವನ್ನು ಹುಟ್ಟಿಸುತ್ತದೆ, ಆ ಒಲವು ಕೈಗೂಡುತ್ತದೋ ಇಲ್ಲವೋ ಎಂಬುದನ್ನು ಅಯಾನಿನ ಗಾತ್ರ ತೀರ್ಮಾನಿಸುತ್ತದೆ.

ಈ ವಿವರಣೆಯ ಕೊರತೆ ಎಂದರೆ ಅದಕ್ಕೆ ಬೇಕಾದ ಮಾಹಿತಿ. ಆವೇಶ ಮತ್ತು ತ್ರಿಜ್ಯ ಯಾವ ಕೋಷ್ಟಕದಲ್ಲಾದರೂ ಸಿಗುತ್ತವೆ. ದ್ರವದ ವಾಹಕತೆ, ಆವಿಯಲ್ಲಿರುವ ಅಣುವಿನ ರೂಪ ಇವುಗಳನ್ನು ಹುಡುಕಿ ತೆಗೆಯಬೇಕು. ಪರೀಕ್ಷೆಯ ಕೊಠಡಿಯಲ್ಲಿ ಅದು ಸಾಧ್ಯವಿಲ್ಲ.

ಆದ್ದರಿಂದ ಎರಡು ಅಂಕಗಳ ಪ್ರಶ್ನೆಗೆ, ಆವೇಶವೋ ಹೊರಕವಚವೋ ಬದಲಾಗಿರುವ ಜೋಡಿ ಎದುರಿಗಿದ್ದರೆ, ಫಜಾನ್ಸ್ ನಿಯಮವನ್ನೇ ಆರಿಸಿಕೊಳ್ಳಿ. 'ಬಂಧ ದುರ್ಬಲ' ಎಂಬ ಮಾತನ್ನು ಮಾತ್ರ ಬಿಟ್ಟು, 'ಸಹವೇಲೆನ್ಸೀಯ ಗುಣ ಹೆಚ್ಚಿ, ಅಯಾನಿಕ ಜಾಲದ ಸೆಳೆತಕ್ಕೆ ಕರಗುವ ಬಿಂದುವಿನ ಮೇಲಿದ್ದ ಹಿಡಿತ ತಗ್ಗಿತು' ಎಂಬ ಅರ್ಥ ಬರುವಂತೆ ಬರೆಯಿರಿ. ಕ್ಷಾರ ಲೋಹಗಳ ಸಾಲಿಗೆ ಜಾಲಕ ಶಕ್ತಿ ಸಾಕು. ಐದು ಅಂಕಗಳ ಉತ್ತರಕ್ಕೆ ಅಥವಾ ಪದವಿ ತರಗತಿಯ ಸೆಮಿನಾರಿಗೆ ಸಿದ್ಧವಾಗುತ್ತಿರುವವರು ಧ್ರುವೀಕರಣದಿಂದ ಆರಂಭಿಸಿ, ದ್ರವದ ರಚನೆಯಲ್ಲಿ ಮುಗಿಸಬೇಕು. ವ್ಯತ್ಯಾಸ ನೂರಾರು ಡಿಗ್ರಿಗಳಷ್ಟಿದ್ದಾಗಲಂತೂ ದ್ರವದ ಮಾತಿಲ್ಲದೆ ಉತ್ತರ ಪೂರ್ಣವಾಗುವುದಿಲ್ಲ.

ಲಿಥಿಯಂ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. LiCl ಸುಮಾರು 605 ಡಿಗ್ರಿಯಲ್ಲಿ, NaClಗಿಂತ ಇನ್ನೂರು ಡಿಗ್ರಿ ಕೆಳಗೆ ಕರಗುವುದಕ್ಕೆ ಧ್ರುವೀಕರಣವೇ ಕಾರಣ ಎಂದು ಎಲ್ಲೆಡೆ ಬರೆಯುತ್ತಾರೆ. ಆದರೆ ಸುಲಭವಾಗಿ ಧ್ರುವೀಕರಣಗೊಳ್ಳದ ಫ್ಲೋರೈಡಿನಲ್ಲೂ ಇದೇ ಆಗುತ್ತದೆ: LiF ಸುಮಾರು 850 ಡಿಗ್ರಿಯಲ್ಲಿ, NaF 990ರ ಮೇಲೆ ಕರಗುತ್ತವೆ. ಲಿಥಿಯಂ ಅಯಾನು ಎಷ್ಟು ಚಿಕ್ಕದೆಂದರೆ ಅದರ ಸುತ್ತ ನಿಂತ ಆರು ಕ್ಲೋರೈಡುಗಳು ಒಂದನ್ನೊಂದು ತಾಗುವಷ್ಟು ಹತ್ತಿರ ಬಂದು ವಿಕರ್ಷಿಸಿಕೊಳ್ಳುತ್ತವೆ. ಜಾಲ ಅಲ್ಲೇ ಸ್ವಲ್ಪ ಅಸ್ಥಿರವಾಗುತ್ತದೆ. ಹಾಗಾಗಿ ಲಿಥಿಯಂಗೆ ಧ್ರುವೀಕರಣವನ್ನು ಒಂದು ಕಾರಣವೆಂದು ಬರೆಯಿರಿ, ಏಕೈಕ ಕಾರಣವೆಂದಲ್ಲ.

ಈಗ ನೀವೇ ಒಂದು ಜೋಡಿಯನ್ನು ತೂಗಬಹುದು: FeCl2 677 ಡಿಗ್ರಿಯಲ್ಲಿ, FeCl3 ಸುಮಾರು 307ರಲ್ಲಿ ಕರಗುತ್ತವೆ. ಲೋಹ ಒಂದೇ, ಆವೇಶ ಬೇರೆ; ತ್ರಿಜ್ಯ 78ರಿಂದ 64.5ಕ್ಕೆ ಇಳಿದು ಭಾಗಲಬ್ಧ 2.6ರಿಂದ 4.7ಕ್ಕೆ ಏರುತ್ತದೆ. ಇಳಿಕೆ ನೂರಾರು ಡಿಗ್ರಿಗಳದ್ದಾದ್ದರಿಂದ ಅಣುವಿನ ಸುಳಿವು ಹುಡುಕಬೇಕು, FeCl3 ಆವಿಯಲ್ಲಿ Fe2Cl6 ಜೋಡಿಗಳಿರುವುದು ಆ ಸುಳಿವು. ಆದರೆ ಕೋಷ್ಟಕದಲ್ಲಿ 37 ಡಿಗ್ರಿ ಎಂಬ ಅಂಕಿ ಕಣ್ಣಿಗೆ ಬಿದ್ದರೆ ನಿಲ್ಲಿ. ಅದು FeCl3·6H2O ಅಂಕಿ, ನೀರಿನ ಅಣುಗಳನ್ನು ಹೊತ್ತ ಬೇರೆಯದೇ ವಸ್ತುವಿನದು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಕಪಾಟಿನಲ್ಲಿಟ್ಟ ಆ ಹಳದಿ ಗಡ್ಡೆಗಳ ಬಾಟಲಿ ತಾನಾಗಿಯೇ ಕಂದು ದ್ರವವಾಗಿ ನಿಂತಿರುವುದನ್ನು ಕಂಡರೆ ಅಲ್ಲಿ ನಡೆದಿರುವುದು ಸಹವೇಲೆನ್ಸೀಯ ಗುಣದ ಪ್ರದರ್ಶನವಲ್ಲ. ಹರಳು ತನ್ನದೇ ನೀರಿನಲ್ಲಿ ಕರಗಿದೆ. CaCl2·6H2O ಸಹ ಇದೇ ರೀತಿ 30 ಡಿಗ್ರಿಯ ಸುಮಾರಿಗೆ ಕರಗುತ್ತದೆ, ಜಲರಹಿತ ರೂಪದ 772ರ ಪಕ್ಕದಲ್ಲಿ ಅದನ್ನಿಟ್ಟು ಯಾವ ನಿಯಮವನ್ನು ಹೋಲಿಸಿದರೂ ಉತ್ತರ ತಪ್ಪುತ್ತದೆ. ಹೋಲಿಕೆಗೆ ಕೂರುವ ಮೊದಲು ಎರಡೂ ಅಂಕಿಗಳು ಜಲರಹಿತ ರೂಪದವೇ ಎಂದು ಚೀಟಿಯ ಮೇಲಿನ ಸೂತ್ರವನ್ನು ಓದಿ ಖಚಿತಪಡಿಸಿಕೊಳ್ಳಿ.